ಪದ ಬದಲಿಸಿದ ಮಾತ್ರಕ್ಕೆ ವಾಕ್ಯ ನಮ್ಮದಾಗುತ್ತದೆಯೇ?

ಮೊದಲ ಸೆಮಿಸ್ಟರಿನ ಅಸೈನ್‌ಮೆಂಟುಗಳನ್ನು ತಿದ್ದುತ್ತಿದ್ದೆ. ನಾಲ್ಕು ಪುಟದ ಬರಹವೊಂದರ ಮೂರನೇ ಪುಟದಲ್ಲಿ ಹೀಗಿತ್ತು: ‘ಹಿಂದಿನ ಅಧ್ಯಾಯದಲ್ಲಿ ವಿವರವಾಗಿ ಚರ್ಚಿಸಿದಂತೆ...’ ನಾಲ್ಕು ಪುಟದ ಅಸೈನ್‌ಮೆಂಟಿಗೆ ಹಿಂದಿನ ಅಧ್ಯಾಯ ಎಲ್ಲಿಂದ ಬಂತು? ಹುಡುಗನನ್ನು ಸ್ಟಾಫ್ ರೂಮಿಗೆ ಕರೆಸಿದೆ. ಅವನ ಮುಖದಲ್ಲಿ ಹೆದರಿಕೆ ಇರಲಿಲ್ಲ, ಗೊಂದಲವಿತ್ತು. ‘ಮೇಡಂ, ಲೈಬ್ರರಿ ಪುಸ್ತಕ ನೋಡಿಯೇ ಬರ್ದಿದೀನಿ. ಒಂದಕ್ಷರಾನೂ ತಪ್ಪಿಲ್ಲ’ ಎಂದ.

ಅವನ ಮಟ್ಟಿಗೆ ಅದು ಪ್ರಾಮಾಣಿಕತೆಯೇ. ಹನ್ನೆರಡು ವರ್ಷ ಅವನು ಕಲಿತದ್ದು ಅದನ್ನೇ. ನೋಟ್ಸಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದರೆ ಪಿಯುಸಿಯಲ್ಲಿ ಪೂರ್ತಿ ಅಂಕ, ಸ್ವಂತ ಮಾತು ಸೇರಿಸಿದರೆ ಕೆಂಪು ಗೀಟು. ಡಿಗ್ರಿ ಸೇರಿದ ಮೂರನೇ ತಿಂಗಳಿಗೆ ಅದೇ ಕೆಲಸಕ್ಕೆ ‘ಕೃತಿಚೌರ್ಯ’ ಎಂಬ ಹೆಸರು ಇಟ್ಟರೆ ಗೊಂದಲವಾಗದೆ ಇನ್ನೇನಾಗುತ್ತದೆ? ಹಾಗಾಗಿ ನಾನು ಈ ಪಾಠವನ್ನು ಶಿಕ್ಷೆಯ ಪಟ್ಟಿಯಿಂದ ಶುರು ಮಾಡುವುದಿಲ್ಲ. ಒಂದು ತುಣುಕು ಬರಹವನ್ನು ಎಲ್ಲರ ಕೈಗೂ ಕೊಟ್ಟು ಅಲ್ಲಿಂದಲೇ ಹೊರಡುತ್ತೇನೆ.

ತುಣುಕು ನಾನೇ ಬರೆದದ್ದು. ಇತಿಹಾಸದ ತರಗತಿಯಾದ್ದರಿಂದ ವಿಷಯ ಶಿವನಸಮುದ್ರದ ಕರೆಂಟು. ಅಭ್ಯಾಸಕ್ಕೆ ಒಂದು ಹೆಸರು ಬೇಕಲ್ಲ, ಇದನ್ನು 2015ರಲ್ಲಿ ಸರೋಜಾ ಎಂಬುವರು ತಮ್ಮ ಪುಸ್ತಕದ 42ನೇ ಪುಟದಲ್ಲಿ ಬರೆದಿದ್ದಾರೆ ಎಂದಿಟ್ಟುಕೊಳ್ಳೋಣ. ಆ ಪುಸ್ತಕವೂ ಇಲ್ಲ, ಆ ಸರೋಜಾ ಅವರೂ ಇಲ್ಲ. ಒಳಗಿನ ಇಸವಿಗಳು ಮತ್ತು ದೂರ ಮಾತ್ರ ನಿಜ.

> ಶಿವನಸಮುದ್ರದ ಜಲವಿದ್ಯುತ್ ಕೇಂದ್ರ 1902ರಲ್ಲಿ ಕೆಲಸ ಆರಂಭಿಸಿದಾಗ ಅದರ ವಿದ್ಯುತ್ತು ಹರಿದದ್ದು ಹತ್ತಿರದ ಊರುಗಳಿಗಲ್ಲ, ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿಗಳು ಬೆಳಗಿದ್ದು ಮೂರು ವರ್ಷ ಕಳೆದ ಮೇಲೆ. ಮೈಸೂರು ಸಂಸ್ಥಾನದ ಜಲವಿದ್ಯುತ್ತು ನಾಗರಿಕರ ಸೌಕರ್ಯವಾಗಿ ಅಲ್ಲ, ಉದ್ಯಮದ ಕಚ್ಚಾವಸ್ತುವಾಗಿ ಹುಟ್ಟಿತು.

ಬರೆಯುವ ಮೊದಲು ಇದರಲ್ಲಿ ಯಾವುದು ಯಾರ ಸ್ವತ್ತು ಎಂದು ವಿಂಗಡಿಸಬೇಕು. 1902 ಎಂಬ ಇಸವಿ ಯಾರ ಸ್ವತ್ತೂ ಅಲ್ಲ, ಹತ್ತು ಪುಸ್ತಕದಲ್ಲಿ ಸಿಗುತ್ತದೆ. 147 ಕಿ.ಮೀ. ಎಂಬ ಅಂಕಿಯೂ ಸರೋಜಾ ಅವರ ಸೃಷ್ಟಿಯಲ್ಲ. ಆದರೆ ಓದುಗ ‘ಇದು ಎಲ್ಲಿ ಸಿಕ್ಕಿತು’ ಎಂದು ಕೇಳಬಹುದಾದ ಅಂಕಿ ಅದು, ಆದ್ದರಿಂದ ಆಕರ ಹೇಳುವುದು ಒಳ್ಳೆಯದು. ಕೊನೆಯ ವಾಕ್ಯ ಮಾತ್ರ ಪೂರ್ತಿ ಅವರದ್ದು. ಸೌಕರ್ಯವಾಗಿ ಅಲ್ಲ, ಕಚ್ಚಾವಸ್ತುವಾಗಿ ಎಂಬುದು ಸರ್ಕಾರಿ ದಾಖಲೆಯಲ್ಲಿ ಸಿಗುವ ಸಂಗತಿಯಲ್ಲ, ಒಬ್ಬರು ಕೂತು ಯೋಚಿಸಿ ಕಟ್ಟಿದ ವಾದ. ಮೊದಲೆರಡು ವಾಕ್ಯಗಳ ಸಂಗತಿಗಳನ್ನು ಜೋಡಿಸಿದ ಕ್ರಮವೂ ಅವರದ್ದೇ. ಗಣಿಯನ್ನು ಮುಂದಿಟ್ಟು ಬೆಂಗಳೂರನ್ನು ಹಿಂದಿಟ್ಟದ್ದು ಆ ವಾದಕ್ಕೆ ದಾರಿ ಮಾಡಿಕೊಡಲೆಂದೇ.

ಈಗ ತರಗತಿ ಬರೆಯುತ್ತದೆ. ನಾಲ್ಕೈದು ಜನ ಹಾಗೇ ಇಳಿಸಿಕೊಡುತ್ತಾರೆ, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇನ್ನು ಕೆಲವರು ಹಾಗೇ ಇಳಿಸಿ, ಕೊನೆಯ ಪುಟದ ‘ಗ್ರಂಥಋಣ’ದಲ್ಲಿ ಸರೋಜಾ ಅವರ ಪುಸ್ತಕದ ಹೆಸರು ಹಾಕಿ, ‘ಹೆಸರು ಹಾಕಿದೀನಲ್ಲ ಮೇಡಂ’ ಎನ್ನುತ್ತಾರೆ. ಹಾಕಿದ್ದು ಸರಿ, ಆದರೆ ಓದುವವರಿಗೆ ಆ ಪಟ್ಟಿಯಿಂದ ತಿಳಿಯುವುದು ಇವರು ಆ ಪುಸ್ತಕ ನೋಡಿದ್ದಾರೆ ಎಂದಷ್ಟೇ. ಮೂರನೇ ಪುಟದ ಎರಡನೇ ಪ್ಯಾರಾ ಅಕ್ಷರಶಃ ಅಲ್ಲಿಂದ ಬಂದದ್ದು ಎಂದು ಪಟ್ಟಿ ಹೇಳುವುದಿಲ್ಲ. ಸಾಲ ಯಾರಿಂದ ಎಂದು ಬರೆದು ಎಷ್ಟು ಎಂದು ಬಿಟ್ಟ ಹಾಗೆ. ಪದಗಳನ್ನು ಹಾಗೇ ತಂದರೆ ಉದ್ಧರಣ ಚಿಹ್ನೆ ಬೇಕು, ಪಕ್ಕದಲ್ಲೇ ಪುಟಸಂಖ್ಯೆ ಬೇಕು.

ಪಾಠದ ತಿರುಳು ಮೂರನೇ ಗುಂಪಿನಲ್ಲಿದೆ. ತರಗತಿಯ ಅರ್ಧಕ್ಕಿಂತ ಹೆಚ್ಚು ಜನ ಇರುವುದು ಅಲ್ಲೇ, ಅದೂ ಶ್ರದ್ಧೆಯಿಂದ ದುಡಿದು ಅಲ್ಲಿಗೆ ಬಂದವರು.

ಮೊದಲು:

> ಶಿವನಸಮುದ್ರದ ಜಲವಿದ್ಯುತ್ ಸ್ಥಾವರ 1902ರಲ್ಲಿ ಕಾರ್ಯ ಪ್ರಾರಂಭಿಸಿದಾಗ ಅದರ ಕರೆಂಟು ಹೋದದ್ದು ಸಮೀಪದ ಗ್ರಾಮಗಳಿಗಲ್ಲ, ಅಂದಾಜು 147 ಕಿ.ಮೀ. ದೂರವಿರುವ ಕೋಲಾರದ ಸ್ವರ್ಣ ಗಣಿಗಳಿಗೆ. ಬೆಂಗಳೂರಿನ ರಸ್ತೆಗಳು ಪ್ರಕಾಶಿಸಿದ್ದು ಮೂರು ವರುಷಗಳ ನಂತರ. ಮೈಸೂರು ರಾಜ್ಯದ ಜಲವಿದ್ಯುತ್ತು ಪ್ರಜೆಗಳ ಅನುಕೂಲವಾಗಿ ಅಲ್ಲ, ಕೈಗಾರಿಕೆಯ ಹಸಿ ಪದಾರ್ಥವಾಗಿ ಜನಿಸಿತು.

ಪಕ್ಕಪಕ್ಕ ಇಟ್ಟು ಓದಿ. ಕೇಂದ್ರ ಹೋಗಿ ಸ್ಥಾವರ ಬಂತು, ಊರು ಹೋಗಿ ಗ್ರಾಮ ಬಂತು, ಚಿನ್ನ ಹೋಗಿ ಸ್ವರ್ಣ ಬಂತು. ಮೂಲದಲ್ಲಿ ಮೂರು ವಾಕ್ಯ, ಇಲ್ಲೂ ಮೂರೇ. ‘ಗಳಿಗಲ್ಲ... ಗಳಿಗೆ’ ಎಂಬ ತಿರುವು ಅದೇ ಜಾಗದಲ್ಲಿದೆ. ಗೋಡೆ, ಕಿಟಕಿ, ಬಾಗಿಲು ಎಲ್ಲ ಸರೋಜಾ ಅವರದ್ದು, ಬಣ್ಣ ಮಾತ್ರ ಹೊಸದು. ಅಮೆರಿಕದಲ್ಲಿ ಬರವಣಿಗೆ ಕಲಿಸುತ್ತಿದ್ದ ರೆಬೆಕ್ಕಾ ಮೂರ್ ಹೊವಾರ್ಡ್ 1990ರ ದಶಕದಲ್ಲಿ ಇದಕ್ಕೆ ‘ಪ್ಯಾಚ್‌ರೈಟಿಂಗ್’ ಎಂದು ಹೆಸರಿಟ್ಟರು. ನಾನು ತರಗತಿಯಲ್ಲಿ ತೇಪೆ ಬರಹ ಎನ್ನುತ್ತೇನೆ. ಕಳ್ಳತನದ ಉದ್ದೇಶಕ್ಕಿಂತ ಹೆಚ್ಚಾಗಿ, ವಿಷಯ ಇನ್ನೂ ಅರಗದವರು ಹೊಸ ಭಾಷೆಯನ್ನು ಹಿಡಿಯಲು ಹೆಣಗುವಾಗ ಹೀಗೆ ಬರೆಯುತ್ತಾರೆ ಎಂಬುದು ಹೊವಾರ್ಡ್ ಅವರ ನಿಲುವು. ನನಗೂ ಹಾಗೇ ಅನ್ನಿಸುತ್ತದೆ. ಸಾಕ್ಷಿ ಮೇಲಿನ ತುಣುಕಿನಲ್ಲೇ ಇದೆ: ‘ಹಸಿ ಪದಾರ್ಥ’. ಕಚ್ಚಾವಸ್ತು ಎಂದರೆ ಏನೆಂದು ತಿಳಿದವರು ಆ ಪದ ಹಾಕುವುದಿಲ್ಲ. ಸಮಾನಾರ್ಥಕ ಪದ ಹುಡುಕುವ ಭರದಲ್ಲಿ ಅರ್ಥವೇ ಕೈಬಿಟ್ಟಿತು. ಗಣಿಯೇನು ತರಕಾರಿ ಅಂಗಡಿಯೇ?

ತೇಪೆ ಬರಹಕ್ಕೆ ಕೊನೆಯಲ್ಲಿ ‘(ಸರೋಜಾ, 2015)’ ಎಂದು ಸೇರಿಸಿದರೆ ಸರಿಯಾಗುತ್ತದೆಯೇ ಎಂದು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ವಿಚಾರದ ಋಣ ತೀರುತ್ತದೆ, ವಾಕ್ಯದ ಋಣ ತೀರುವುದಿಲ್ಲ. ಉದ್ಧರಣ ಚಿಹ್ನೆ ಇಲ್ಲದೆ ಹೆಸರು ಮಾತ್ರ ಹಾಕಿದಾಗ ‘ವಿಚಾರ ಅವರದ್ದು, ಬರವಣಿಗೆ ನನ್ನದು’ ಎಂದು ಹೇಳಿದ ಹಾಗಾಗುತ್ತದೆ. ಇಲ್ಲಿ ಬರವಣಿಗೆಯೂ ಅವರದ್ದೇ.

ಹಾಗಾದರೆ ಹೇಗೆ ಬರೆಯುವುದು? ನಾನು ಮಾಡಿಸುವ ಕ್ರಮ ಸರಳ, ಆದರೆ ಮಕ್ಕಳಿಗೆ ಮೊದಲ ಸಲ ಮುಜುಗರವಾಗುತ್ತದೆ. ತುಣುಕನ್ನು ಎರಡು ಸಲ ಓದಿ ಹಾಳೆಯನ್ನು ಬೋರಲು ಹಾಕಬೇಕು. ಪಕ್ಕದವರಿಗೆ ಅದನ್ನು ಬಾಯಿಮಾತಿನಲ್ಲಿ ಹೇಳಬೇಕು, ಮನೆಯಲ್ಲಿ ಆಡುವ ಕನ್ನಡದಲ್ಲೇ. ಒಬ್ಬ ಹುಡುಗಿ ಹೇಳಿದ್ದು ನೆನಪಿದೆ: ‘ನೋಡೇ, ಕರೆಂಟ್ ಕಂಡುಹಿಡ್ದು ಜನಕ್ಕೆ ಕೊಟ್ರು ಅಂದ್ಕೊಂಡಿದ್ವಲ್ಲ, ಹಂಗಲ್ವಂತೆ. ಮೊದ್ಲು ಕೆಜಿಎಫ್‌ಗೆ ಕೊಟ್ರಂತೆ, ಬೆಂಗ್ಳೂರಿಗೆ ಆಮೇಲೆ.’ ನೋಡಿ, ಅವಳು ಮೂಲದ ಕ್ರಮವನ್ನು ತಾನೇ ತಿರುಗಿಸಿಬಿಟ್ಟಳು. ಸರೋಜಾ ಅವರು ಕೊನೆಯಲ್ಲಿಟ್ಟ ವಾದ ಇವಳ ಬಾಯಲ್ಲಿ ಮೊದಲು ಬಂತು. ಹೇಳುವಾಗ ಪುಸ್ತಕದ ವಾಕ್ಯ ನೆನಪಿರುವುದಿಲ್ಲ, ಅರ್ಥವಾದದ್ದು ಮಾತ್ರ ಉಳಿದಿರುತ್ತದೆ. ಹೇಳಲು ಬರದಿದ್ದರೆ ಬರೆಯುವ ಹೊತ್ತು ಇನ್ನೂ ಬಂದಿಲ್ಲ ಎಂದು ತಿಳಿದು ಮತ್ತೆ ಓದಬೇಕು.

ಹೇಳಿದ್ದನ್ನು ಬರಹದ ಕನ್ನಡಕ್ಕೆ ಇಳಿಸಿದ ಮೇಲೆ ಹಾಳೆ ಮಗುಚಿ ಮೂಲದ ಜೊತೆ ತಾಳೆ ನೋಡಬೇಕು. ಇಸವಿ, ದೂರ ಸರಿಯಾಗಿವೆಯೇ? ಮೂಲದ ಯಾವುದಾದರೂ ವಿಶಿಷ್ಟ ಪದಗುಚ್ಛ ನಮಗೆ ಗೊತ್ತಿಲ್ಲದೆ ನುಸುಳಿದೆಯೇ? ಅವರು ಹೇಳದ್ದನ್ನು ಅವರ ಬಾಯಲ್ಲಿ ಇಟ್ಟಿದ್ದೇವೆಯೇ? ಆ ಹುಡುಗಿ ಬರೆದು, ತಿದ್ದಿ ಕೊಟ್ಟದ್ದು ಹೀಗಿತ್ತು.

ಆಮೇಲೆ:

> ಮೈಸೂರು ಸಂಸ್ಥಾನ ಕರೆಂಟು ತಯಾರಿಸಲು ಹೊರಟದ್ದು ಮನೆಯ ದೀಪಕ್ಕಾಗಿ ಎಂಬ ನಮ್ಮ ಕಲ್ಪನೆಯನ್ನು ಸರೋಜಾ ಒಪ್ಪುವುದಿಲ್ಲ. ಅವರ ಪ್ರಕಾರ ಅದು ‘ಉದ್ಯಮದ ಕಚ್ಚಾವಸ್ತು’. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ಆಚೆಯ ಕೆಜಿಎಫ್ ಗಣಿಗಳಿಗೆ ಮೊದಲು ಪೂರೈಸಿ, ಬೆಂಗಳೂರಿನ ಬೀದಿದೀಪಗಳಿಗೆ 1905ರವರೆಗೆ ಕಾಯಿಸಿದ್ದನ್ನು ಅವರು ಇದಕ್ಕೆ ಆಧಾರವಾಗಿ ಕೊಡುತ್ತಾರೆ (ಸರೋಜಾ, 2015, ಪು. 42). ಆದರೆ ಗಣಿಯಂಥ ದೊಡ್ಡ ಗಿರಾಕಿ ಇಲ್ಲದಿದ್ದರೆ ಆ ಯೋಜನೆಗೆ ಹಣ ಹೂಡಲು ಸಂಸ್ಥಾನ ಮುಂದಾಗುತ್ತಿತ್ತೇ?

ಇಲ್ಲಿ ಏನೇನು ನಡೆದಿದೆ ನೋಡಿ. ‘ಉದ್ಯಮದ ಕಚ್ಚಾವಸ್ತು’ ಎಂಬ ಎರಡು ಪದಕ್ಕೆ ಬದಲಿ ಹುಡುಕುವ ಗೋಜಿಗೆ ಅವಳು ಹೋಗಿಲ್ಲ. ವಾದದ ಜೀವ ಆ ಪದಗಳಲ್ಲೇ ಇದೆ, ಹಾಗಾಗಿ ಚಿಹ್ನೆಯೊಳಗೆ ಹಾಗೇ ಇಟ್ಟಿದ್ದಾಳೆ. ‘ಜಲವಿದ್ಯುತ್’, ‘ಕೋಲಾರ’, ‘ಕಿ.ಮೀ.’ ಇವೆಲ್ಲ ಎಲ್ಲರ ಪದಗಳು, ಇವನ್ನು ಬದಲಿಸುವ ಅಗತ್ಯವೇ ಇಲ್ಲ. ‘ಸ್ವರ್ಣ ಗಣಿ’ಯ ಹುಡುಗ ಬೆವರು ಸುರಿಸಿದ್ದು ಬದಲಿಸಬೇಕಿಲ್ಲದ ಪದಗಳ ಮೇಲೆ.

ಇನ್ನೊಂದು, ಎರವಲು ಎಲ್ಲಿಂದ ಎಲ್ಲಿಯವರೆಗೆ ಎಂಬುದು ಸ್ಪಷ್ಟವಾಗಿದೆ. ಮೊದಲ ವಾಕ್ಯದಲ್ಲೇ ‘ಸರೋಜಾ’ ಎಂಬ ಹೆಸರು ಬೇಲಿಯ ಮೊದಲ ಗೂಟ, ಆವರಣದೊಳಗಿನ ಪುಟಸಂಖ್ಯೆ ಕೊನೆಯ ಗೂಟ. ನಡುವಿನದ್ದು ಅವರ ಹೊಲ. ಆವರಣ ಮುಗಿದ ಮೇಲಿನ ಪ್ರಶ್ನೆ ಹುಡುಗಿಯದ್ದು. ಪ್ಯಾರಾದ ಕೊನೆಯಲ್ಲಿ ಮಾತ್ರ ಆವರಣ ಹಾಕಿ ಮುಗಿಸುವ ಅಭ್ಯಾಸ ನಮ್ಮಲ್ಲಿ ಹೆಚ್ಚು. ಆಗ ಪ್ಯಾರಾ ಪೂರ್ತಿ ಸರೋಜಾ ಅವರದ್ದೋ, ಕೊನೆಯ ವಾಕ್ಯ ಮಾತ್ರವೋ ತಿಳಿಯುವುದಿಲ್ಲ. ವಿದ್ಯಾರ್ಥಿಯ ಒಳ್ಳೆಯ ಯೋಚನೆಯೊಂದು ಲೇಖಕಿಯ ಖಾತೆಗೆ ಜಮಾ ಆಗಿಬಿಡುವುದೂ ಉಂಟು.

ಕನ್ನಡದಲ್ಲಿ ಬರೆಯುವವರಿಗೆ ಇಲ್ಲೊಂದು ಹೆಚ್ಚಿನ ತೊಡಕಿದೆ. ನಮ್ಮ ‘ಎಂದು’ ಎರಡೂ ಕಡೆ ಸಲ್ಲುತ್ತದೆ. ‘ಜಲವಿದ್ಯುತ್ತು ಉದ್ಯಮದ ಕಚ್ಚಾವಸ್ತುವಾಗಿ ಹುಟ್ಟಿತು ಎಂದು ಸರೋಜಾ ಹೇಳುತ್ತಾರೆ’ ಎಂದು ಬರೆದರೆ ಅದು ಅವರದೇ ಮಾತೋ, ಅವರ ಮಾತಿನ ಸಾರವೋ ‘ಎಂದು’ ಹೇಳುವುದಿಲ್ಲ. ಮನೆಯ ಮಾತಿನಲ್ಲಿ ಇದರಿಂದ ತೊಂದರೆಯಿಲ್ಲ. ಅಸೈನ್‌ಮೆಂಟಿನಲ್ಲಿ ಆ ವ್ಯತ್ಯಾಸ ತೋರಿಸುವುದು ಉದ್ಧರಣ ಚಿಹ್ನೆಯೊಂದೇ. ಅದಕ್ಕೇ ಆ ಪುಟ್ಟ ಗುರುತಿನ ಬಗ್ಗೆ ನಾನು ಇಷ್ಟು ಹಟ ಮಾಡುವುದು.

ತಾಳೆ ನೋಡುವಾಗಿನ ಮೂರನೇ ಪ್ರಶ್ನೆಯನ್ನು, ಅವರು ಹೇಳದ್ದನ್ನು ಹೇಳಿಸಿದ್ದೇವೆಯೇ ಎಂಬುದನ್ನು, ಎಲ್ಲರೂ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಅದೇ ತರಗತಿಯ ಇನ್ನೊಂದು ಹಾಳೆಯಲ್ಲಿ ‘ಸಂಸ್ಥಾನವು ಬೇಕೆಂದೇ ಬೆಂಗಳೂರಿನ ಜನರನ್ನು ಕತ್ತಲಲ್ಲಿ ಇಟ್ಟಿತ್ತು (ಸರೋಜಾ, 2015, ಪು. 42)’ ಎಂದಿತ್ತು. ವಾಕ್ಯ ಪೂರ್ತಿ ಸ್ವಂತದ್ದು, ಹೆಸರು ಪುಟ ಎಲ್ಲ ಇದೆ, ಯಾವ ತಂತ್ರಾಂಶವೂ ಹಿಡಿಯುವುದಿಲ್ಲ. ಆದರೆ ‘ಬೇಕೆಂದೇ’ ಎಂದು ಸರೋಜಾ ಎಲ್ಲಿ ಹೇಳಿದರು? ಇದು ಕೃತಿಚೌರ್ಯವಲ್ಲ. ಕದ್ದಿಲ್ಲ, ಸುಳ್ಳು ಸಾಕ್ಷಿ ಹೇಳಿಸಿದೆ. ನನ್ನನ್ನು ಕೇಳಿದರೆ ತೇಪೆ ಬರಹಕ್ಕಿಂತ ಇದು ದೊಡ್ಡ ತಪ್ಪು.

ಇನ್ನು ಅನುವಾದ. ಕನ್ನಡ ಮಾಧ್ಯಮದ ಮಕ್ಕಳಿಗೆ ಓದಲು ಸಿಗುವುದು ಬಹುಪಾಲು ಇಂಗ್ಲಿಷಿನಲ್ಲಿ, ಬರೆಯಬೇಕಾದದ್ದು ಕನ್ನಡದಲ್ಲಿ. ‘ಇಂಗ್ಲಿಷಿಂದ ಕನ್ನಡಕ್ಕೆ ನಾನೇ ಮಾಡಿದ್ದು, ಪ್ರತಿ ಪದವೂ ನನ್ನದೇ’ ಎಂಬ ವಾದ ಕೇಳಲು ಚೆನ್ನಾಗಿದೆ. ಪದ ನಿಮ್ಮದು, ವಾಕ್ಯದ ಕ್ರಮ, ವಾದ, ಉದಾಹರಣೆ ಯಾರದ್ದು? ಭಾಷೆ ದಾಟಿಸಿದರೂ ಸಾಲ ಸಾಲವೇ. ಹೋಲಿಕೆ ನೋಡುವ ತಂತ್ರಾಂಶಗಳಿಗೆ ಇಂಥದ್ದು ಹೆಚ್ಚಾಗಿ ಸಿಕ್ಕುವುದಿಲ್ಲ, ಕನ್ನಡ ಓದುವ ಕಣ್ಣಿಗೆ ಸಿಕ್ಕಿಬಿಡುತ್ತದೆ.

ಮೊದಲು:

> ಶಿವನಸಮುದ್ರವು ಏಷ್ಯಾದ ಅತ್ಯಂತ ಹಳೆಯ ಜಲವಿದ್ಯುತ್ ಕೇಂದ್ರಗಳಲ್ಲಿ ಒಂದಾಗಿದೆ, ಇದು ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಪೂರೈಸುವ ಸಲುವಾಗಿ ನಿರ್ಮಿಸಲ್ಪಟ್ಟಿತು.

‘ಗಳಲ್ಲಿ ಒಂದಾಗಿದೆ’, ಅಲ್ಪವಿರಾಮದ ನಂತರ ‘ಇದು’, ಆಮೇಲೆ ‘ಲ್ಪಟ್ಟಿತು’. ನಮ್ಮ ಹಳ್ಳಿಯಿಂದ ಬಂದ ಹುಡುಗ ಹೀಗೆ ಯೋಚಿಸುವುದಿಲ್ಲ, ಇದು ಇಂಗ್ಲಿಷ್ ವಾಕ್ಯಕ್ಕೆ ಕನ್ನಡ ಅಂಗಿ. ಇದಕ್ಕೆ ಎರಡು ಪರಿಹಾರ ಇವೆ. ಆ ವಾಕ್ಯ ಅಕ್ಷರಶಃ ಬೇಕೇಬೇಕು ಎಂದಾದರೆ ಅನುವಾದಿಸಿ, ಉದ್ಧರಣ ಚಿಹ್ನೆಯಲ್ಲಿಟ್ಟು, ಮೂಲ ಲೇಖಕರ ಹೆಸರು ಮತ್ತು ಪುಟದ ಜೊತೆ ‘ಅನುವಾದ ನನ್ನದು’ ಎಂದು ಸೇರಿಸಬೇಕು. ಬೇಡವಾದರೆ ಮೇಲಿನ ಕ್ರಮವೇ: ಮುಚ್ಚಿಡಿ, ಕನ್ನಡದಲ್ಲಿ ಯಾರಿಗಾದರೂ ಹೇಳಿ, ಆಮೇಲೆ ಬರೆದು ಆಕರ ಕೊಡಿ.

ಆಮೇಲೆ:

> ಶಿವನಸಮುದ್ರದಲ್ಲಿ ವಿದ್ಯುತ್ ಕೇಂದ್ರ ಕಟ್ಟಿದ್ದೇ ಕೋಲಾರದ ಗಣಿಗಳಿಗೆಂದು. ಏಷ್ಯಾದಲ್ಲಿ ಅಷ್ಟು ಹಳೆಯ ಕೇಂದ್ರಗಳು ಕೆಲವೇ ಇವೆ (ಓದಿದ ಲೇಖನದ ಕರ್ತೃ, ವರ್ಷ, ಪುಟ).

ಎರಡನೆಯ ದಾರಿಯಲ್ಲಿ ಬರೆದ ಕನ್ನಡವೂ ಕನ್ನಡದಂತಿರುತ್ತದೆ ಎಂಬುದು ನನಗೆ ಸಿಗುವ ಲಾಭ.

ಇಷ್ಟಾದ ಮೇಲೂ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ: ‘ಮೇಡಂ, ಎಷ್ಟು ಪರ್ಸೆಂಟ್ ಬಿಡ್ತೀರಿ?’ ಸೀನಿಯರ್‌ಗಳಿಂದ ಕೇಳಿದ ಹತ್ತು ಪರ್ಸೆಂಟಿನ ಕಥೆ ಇದು. ಕಥೆಗೆ ಮೂಲ ಉಂಟು. ಯುಜಿಸಿ 2018ರ ಜುಲೈನಲ್ಲಿ ಕೃತಿಚೌರ್ಯ ತಡೆಯುವ ನಿಯಮಾವಳಿ ಹೊರಡಿಸಿತು. ಅದರಲ್ಲಿ ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ. ಪ್ರಬಂಧದಲ್ಲಿ ಶೇ 10ರಿಂದ 40ರವರೆಗಿದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು, ಶೇ 60 ಮೀರಿದರೆ ನೋಂದಣಿಯೇ ರದ್ದು. ಆದರೆ ಅದೇ ನಿಯಮಾವಳಿ ಯಾವ ಬರಹಕ್ಕೆ ತಾನು ಅನ್ವಯ ಎಂದು ವಿವರಿಸುವಾಗ ಸ್ನಾತಕೋತ್ತರ ಮತ್ತು ಸಂಶೋಧನಾ ಪ್ರಬಂಧ, ಪ್ರಕಟಣೆಗಳನ್ನು ಹೇಳಿ, ಅಸೈನ್‌ಮೆಂಟ್, ಪ್ರಾಜೆಕ್ಟ್ ರಿಪೋರ್ಟ್, ಉತ್ತರ ಪತ್ರಿಕೆಗಳನ್ನು ಹೊರಗಿಟ್ಟಿದೆ. ಮೊದಲ ವರ್ಷದ ನಿಮ್ಮ ನಾಲ್ಕು ಪುಟಕ್ಕೆ ಆ ಹತ್ತು ಪರ್ಸೆಂಟು ಸಂಬಂಧವೇ ಇಲ್ಲ. ಅಲ್ಲಿ ನಡೆಯುವುದು ಕಾಲೇಜಿನ ನಿಯಮ ಮತ್ತು ತಿದ್ದುವವರ ಕಣ್ಣು.

ಅದೇ ನಿಯಮಾವಳಿಯಲ್ಲಿ ಇನ್ನೊಂದು ಅಂಕಿ ಇದೆ. ಹೋಲಿಕೆ ಲೆಕ್ಕ ಹಾಕುವಾಗ ಸಾಮಾನ್ಯ ಜ್ಞಾನದ ಮಾತು ಅಥವಾ ಕಾಕತಾಳೀಯವಾಗಿ ಹೊಂದಿದ ಪದಗಳನ್ನು, ಸತತ 14 ಪದಗಳವರೆಗೆ, ಬಿಡಬಹುದು. ಬೋರ್ಡಿನ ಮೇಲೆ ಸರೋಜಾ ಅವರ ಕೊನೆಯ ವಾಕ್ಯ ಬರೆದು ಎಣಿಸಲು ಹೇಳುತ್ತೇನೆ. ಮೈಸೂರು, ಸಂಸ್ಥಾನದ, ಜಲವಿದ್ಯುತ್ತು, ನಾಗರಿಕರ, ಸೌಕರ್ಯವಾಗಿ, ಅಲ್ಲ, ಉದ್ಯಮದ, ಕಚ್ಚಾವಸ್ತುವಾಗಿ, ಹುಟ್ಟಿತು. ಒಂಬತ್ತೇ. ವಿಭಕ್ತಿ, ಕಾಲ, ಲಿಂಗ ಎಲ್ಲವನ್ನೂ ಪದದ ಬಾಲಕ್ಕೆ ಅಂಟಿಸುವ ನಮ್ಮ ಭಾಷೆಯಲ್ಲಿ ಒಂಬತ್ತು ಪದದೊಳಗೆ ಒಂದು ಪುಸ್ತಕದ ಮುಖ್ಯ ವಾದವೇ ಹಿಡಿಸುತ್ತದೆ. ಲೆಕ್ಕದಿಂದ ಇದು ತಪ್ಪಿಸಿಕೊಳ್ಳಬಹುದು, ಆದರೆ ಇದು ಸಾಮಾನ್ಯ ಜ್ಞಾನವೂ ಅಲ್ಲ, ಕಾಕತಾಳೀಯವೂ ಅಲ್ಲ. ಅತ್ತ ಚಿಹ್ನೆ ಹಾಕಿ ಪುಟ ಕೊಟ್ಟು ಉದ್ಧರಿಸಿದ ಭಾಗವನ್ನು ಲೆಕ್ಕದಿಂದ ಹೊರಗಿಡದೆ ವರದಿ ತೆಗೆದರೆ ತಪ್ಪಿಲ್ಲದವನಿಗೂ ಶೇ 25 ಬರಬಹುದು. ಹೋಲಿಕೆ ವರದಿಯಲ್ಲಿ ಪರ್ಸೆಂಟಿಗಿಂತ ಮೊದಲು ನೋಡಬೇಕಾದದ್ದು ಬಣ್ಣ ಬಳಿದ ಸಾಲುಗಳು ಯಾವುವು ಎಂಬುದನ್ನು.

ಆಕರ ಬರೆಯುವ ಮಾದರಿಗಳ ಬಗ್ಗೆ ತರಗತಿಯಲ್ಲಿ ಹೆಚ್ಚು ಹೊತ್ತು ಕಳೆಯುವುದಿಲ್ಲ. ಎಪಿಎ, ಎಂಎಲ್‌ಎ, ಶಿಕಾಗೊ, ವಿಭಾಗ ಯಾವುದು ಹೇಳುತ್ತದೋ ಅದನ್ನು ಮೊದಲಿಂದ ಕೊನೆಯವರೆಗೆ ಒಂದೇ ರೀತಿ ಪಾಲಿಸಿದರೆ ಸಾಕು. ಒಂದು ತೊಡಕು ಮಾತ್ರ ನಮ್ಮದೇ. ಈ ಮಾದರಿಗಳು ಎಲ್ಲರಿಗೂ ಕುಲನಾಮ ಇದೆ ಎಂದುಕೊಂಡು ಅದನ್ನು ಮುಂದೆ ಹಾಕು ಎನ್ನುತ್ತವೆ. ‘ಕೆ. ಎಸ್. ಸರೋಜಾ’ ಎಂಬಲ್ಲಿ ಕೆ. ಊರಿನದ್ದು, ಎಸ್. ಅಪ್ಪನದ್ದು. ತಿರುಗಿಸಲು ಹೋಗಿ ಮಕ್ಕಳು ‘ಕೆ., ಎಸ್. ಎಸ್.’ ಎಂದು ಬರೆದದ್ದನ್ನು ನೋಡಿದ್ದೇನೆ. ಸರೋಜಾ ಎಂಬುದನ್ನೇ ಮುಂದಿಟ್ಟು ‘ಸರೋಜಾ, ಕೆ. ಎಸ್.’ ಎಂದು ಬರೆದು, ಪಟ್ಟಿಯನ್ನು ಕನ್ನಡ ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಿ ಎನ್ನುತ್ತೇನೆ. ವಿಕಿಪೀಡಿಯ ಲೇಖನದ ಕೆಳಗಿನ ಆಕರಗಳನ್ನು ಓದದೆ ಎತ್ತಿ ತಮ್ಮ ಪಟ್ಟಿಗೆ ಹಾಕಬೇಡಿ ಎಂದೂ ಹೇಳುತ್ತೇನೆ. ಕಣ್ಣಾರೆ ಕಂಡದ್ದನ್ನು ಮಾತ್ರ ಹಾಕಬೇಕು.

ಮುಂಜಾಗ್ರತೆಗೆ ನಾನು ಹೇಳುವುದು ಒಂದೇ ಅಭ್ಯಾಸ, ಅದು ಟಿಪ್ಪಣಿ ಪುಸ್ತಕದ್ದು. ಗೊತ್ತಿಲ್ಲದೆ ಆಗುವ ಕೃತಿಚೌರ್ಯ ಹೆಚ್ಚಾಗಿ ಹುಟ್ಟುವುದು ಬರೆಯುವಾಗಲ್ಲ, ಟಿಪ್ಪಣಿ ಮಾಡುವಾಗ. ಲೈಬ್ರರಿಯಲ್ಲಿ ಒಂದು ಸಾಲು ಚೆನ್ನಾಗಿ ಕಂಡಿತು, ಹಾಗೇ ಇಳಿಸಿಕೊಂಡಿರಿ. ಮೂರು ವಾರ ಕಳೆದ ಮೇಲೆ ನಿಮ್ಮದೇ ಕೈಬರಹದಲ್ಲಿರುವ ಆ ಸಾಲು ನಿಮ್ಮದೇ ಎನಿಸುತ್ತದೆ. ಪುಟದ ನಡುವೆ ಒಂದು ಗೀಟು ಎಳೆಯಿರಿ. ಎಡಕ್ಕೆ ಪುಸ್ತಕದ ಮಾತು, ಚಿಹ್ನೆಯೊಳಗೆ, ಪುಟಸಂಖ್ಯೆ ಸಮೇತ. ಬಲಕ್ಕೆ ಅದನ್ನು ಓದಿ ನಿಮಗೆ ಅನ್ನಿಸಿದ್ದು, ಸಿಟ್ಟು ಬಂದಿದ್ದರೆ ಸಿಟ್ಟು, ಅರ್ಥವಾಗದಿದ್ದರೆ ಪ್ರಶ್ನೆ.

‘ಹಿಂದಿನ ಅಧ್ಯಾಯ’ದ ಹುಡುಗನಿಗೆ ಅಂಕ ಕಳೆಯಲಿಲ್ಲ, ಮತ್ತೆ ಬರೆಯಲು ಎಂಟು ದಿನ ಕೊಟ್ಟೆ. ಎರಡನೇ ಸಲ ತಂದದ್ದು ಎರಡೇ ಪುಟ. ಜೊತೆಗೆ ಟಿಪ್ಪಣಿ ಪುಸ್ತಕವನ್ನೂ ತಂದಿದ್ದ, ತೋರಿಸು ಎಂದು ನಾನು ಕೇಳಿರಲಿಲ್ಲ. ಎಡಗಡೆ ತುಂಬಿತ್ತು. ಬಲಗಡೆ ಬಹುತೇಕ ಖಾಲಿ, ಕೆಳಗಡೆ ಒಂದೇ ಸಾಲಿತ್ತು: ‘ಕೆಜಿಎಫ್‌ಗೆ ಕರೆಂಟ್ ಕೊಟ್ಟಾಗ ಗಣಿ ಕೆಲಸದವರ ಮನೆಗೂ ಕೊಟ್ಟರಾ?’ ಅಸೈನ್‌ಮೆಂಟಿನಲ್ಲಿ ಆ ಪ್ರಶ್ನೆ ಇರಲಿಲ್ಲ. ಯಾಕೆ ಬಿಟ್ಟೆ ಎಂದೆ. ‘ಅದು ಯಾವ ಪುಸ್ತಕದಲ್ಲೂ ಇರ್ಲಿಲ್ಲ ಮೇಡಂ’ ಎಂದ.